ಹದಿನೇಳನೇ ಓವರಿನ ಮೊದಲ ಎಸೆತ

2024ರ ಜೂನ್ 29ರ ರಾತ್ರಿ ಬಾರ್ಬಡೋಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್ ಅನ್ನು ನೋಡದವರು ಕಡಿಮೆ. ಭಾರತ 7 ವಿಕೆಟ್‌ಗೆ 176, ದಕ್ಷಿಣ ಆಫ್ರಿಕಾ 8 ವಿಕೆಟ್‌ಗೆ 169. ಇದನ್ನು ಮೊದಲ ಓವರಿನಿಂದ ಸಾಲಾಗಿ ಬರೆಯುತ್ತ ಹೋದರೆ ಪಂದ್ಯ ತಿರುಗಿದ ಕ್ಷಣ ಕೊನೆಯ ಪ್ಯಾರಾಗಳಲ್ಲೆಲ್ಲೋ ಬರುತ್ತದೆ. ಪುಟದಲ್ಲಿ ಜಾಗ ಸಾಲದಿದ್ದಾಗ ಸಂಪಾದಕರ ಕತ್ತರಿ ಬೀಳುವುದೂ ಅಲ್ಲಿಗೇ. ಯಾರು ಎಷ್ಟು ಹೊಡೆದರು ಎಂಬುದಕ್ಕೆ ಪಕ್ಕದಲ್ಲೇ ಸ್ಕೋರ್ ಪಟ್ಟಿ ಇರುತ್ತದೆ. ಗೆಲ್ಲುತ್ತಿದ್ದವರು ಹೇಗೆ ಸೋತರು ಎಂಬುದನ್ನು ವರದಿಗಾರನೇ ಹೇಳಬೇಕು.

ಹಾಗಾದರೆ ತಿರುವು ಯಾವುದು? ಆ ರಾತ್ರಿ ಎಲ್ಲರ ಬಾಯಲ್ಲಿದ್ದದ್ದು ಕೊನೆಯ ಓವರಿನ ಮೊದಲ ಎಸೆತದಲ್ಲಿ ಸೂರ್ಯಕುಮಾರ್ ಯಾದವ್ ಬೌಂಡರಿ ಅಂಚಿನಲ್ಲಿ ಹಿಡಿದ ಡೇವಿಡ್ ಮಿಲ್ಲರ್ ಕ್ಯಾಚ್. ಚೆಂಡನ್ನು ಹಿಡಿದು, ಗೆರೆ ದಾಟುವ ಮುನ್ನ ಮೇಲಕ್ಕೆ ಚಿಮ್ಮಿಸಿ, ಒಳಗೆ ಬಂದು ಮತ್ತೆ ಹಿಡಿದ ಆ ದೃಶ್ಯ ಮರೆಯುವಂಥದ್ದಲ್ಲ. ಆದರೆ ಆ ಎಸೆತಕ್ಕೆ ಮುಂಚೆ ಲೆಕ್ಕ ಹೇಗಿತ್ತು ನೋಡಿ: 6 ಎಸೆತಕ್ಕೆ 16 ರನ್ ಬೇಕಿತ್ತು. ಪಂದ್ಯ ಆಗಲೇ ಭಾರತದ ಕಡೆ ವಾಲಿತ್ತು. ಅದು ಸಿಕ್ಸರ್ ಆಗಿದ್ದರೆ 5 ಎಸೆತಕ್ಕೆ 10 ಬೇಕಾಗಿ ಆಟ ಮತ್ತೆ ತೆರೆದುಕೊಳ್ಳುತ್ತಿತ್ತು, ನಿಜ. ಆ ಕ್ಯಾಚ್ ಗೆಲುವನ್ನು ಭದ್ರಗೊಳಿಸಿತು. ಗೆಲುವು ಭಾರತದ ಕಡೆ ಹೊರಳಿದ್ದು ಅದಕ್ಕೂ ಮೊದಲೇ.

ತಿರುವನ್ನು ಹುಡುಕಲು ನಾನು ನಂಬುವ ದಾರಿ ಒಂದೇ. ಪ್ರತಿ ಓವರ್ ಮುಗಿದಾಗ ಬೇಕಾದ ರನ್, ಉಳಿದ ಎಸೆತ, ಕ್ರೀಸಿನಲ್ಲಿರುವವರ ಹೆಸರು, ಈ ಮೂರನ್ನೂ ಬರೆದಿಡಬೇಕು. ಅಕ್ಷರ್ ಪಟೇಲ್ ಹಾಕಿದ 15ನೇ ಓವರಿನಲ್ಲಿ 24 ರನ್ ಹೋದವು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಸಾಕಾಗಿತ್ತು. ಹೆನ್ರಿಕ್ ಕ್ಲಾಸೆನ್ ಮತ್ತು ಮಿಲ್ಲರ್ ನೆಲೆಯೂರಿದ್ದರು, ಕೈಯಲ್ಲಿ 6 ವಿಕೆಟ್ ಇತ್ತು. 16ನೇ ಓವರಿನಲ್ಲಿ ಜಸ್‌ಪ್ರೀತ್ ಬೂಮ್ರಾ ಕೊಟ್ಟದ್ದು 4 ರನ್. ಆಗಲೂ 24 ಎಸೆತಕ್ಕೆ 26, ಗೆಲ್ಲಬೇಕಾದವರು ಅವರೇ. 17ನೇ ಓವರಿನ ಮೊದಲ ಎಸೆತದಲ್ಲಿ 27 ಎಸೆತಕ್ಕೆ 52 ಹೊಡೆದಿದ್ದ ಕ್ಲಾಸೆನ್ ಔಟಾದರು. ಅಲ್ಲಿಂದ ನನ್ನ ಪಟ್ಟಿ ಬೇರೆಯೇ ದಿಕ್ಕು ಹಿಡಿಯುತ್ತದೆ: 18 ಎಸೆತಕ್ಕೆ 22, 12 ಎಸೆತಕ್ಕೆ 20, 6 ಎಸೆತಕ್ಕೆ 16.

ಹಾಗಾಗಿ ಮೊದಲ ಪ್ಯಾರಾವನ್ನು ನಾನು ಹೀಗೆ ಬರೆಯುತ್ತೇನೆ: ‘ಗೆಲ್ಲಲು 24 ಎಸೆತಗಳಲ್ಲಿ 26 ರನ್ ಸಾಕಿತ್ತು. ಹಾರ್ದಿಕ್ ಪಾಂಡ್ಯ ಆಫ್ ಸ್ಟಂಪಿನಾಚೆ ಹಾಕಿದ ನಿಧಾನಗತಿಯ ಎಸೆತಕ್ಕೆ ಕೈಚಾಚಿದ ಕ್ಲಾಸೆನ್, ವಿಕೆಟ್ ಕೀಪರ್ ರಿಷಭ್ ಪಂತ್‌ಗೆ ಕ್ಯಾಚಿತ್ತರು. ಉಳಿದ 23 ಎಸೆತಗಳಲ್ಲಿ ದಕ್ಷಿಣ ಆಫ್ರಿಕಾ ಗಳಿಸಿದ್ದು 18 ರನ್. ಭಾರತ 7 ರನ್‌ಗಳಿಂದ ವಿಶ್ವಕಪ್ ಗೆದ್ದಿತು.’ ಫಲಿತಾಂಶ, ಅಂತರ, ಕಾರಣ ಎಲ್ಲವೂ ಇಲ್ಲೇ ಬಂತು.

ಎರಡನೇ ಪ್ಯಾರಾ ಸ್ವಲ್ಪ ಹಿಂದಕ್ಕೆ ಹೋಗಿ, ಆ ಎಸೆತ ಯಾಕೆ ಅಷ್ಟು ದೊಡ್ಡದಾಯಿತು ಎಂದು ಹೇಳಬೇಕು. ಅಕ್ಷರ್ ಅವರ ದುಬಾರಿ ಓವರ್, ಬೂಮ್ರಾರನ್ನು ಕಾಯಿಸದೆ 16ನೇ ಓವರಿಗೇ ಕರೆದ ರೋಹಿತ್ ಶರ್ಮಾ ನಿರ್ಧಾರ ಇಲ್ಲಿಗೆ ಸೇರುತ್ತವೆ. ಕ್ಲಾಸೆನ್ ಔಟಾಗುವ ಮುನ್ನ ಪಂತ್ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಆಟ ನಿಂತಿತ್ತು. ಅದು ಎದುರಾಳಿಗಳ ಲಯ ಮುರಿಯಿತು ಎಂದು ರೋಹಿತ್ ಆಮೇಲೆ ಹೇಳಿದರು. ಓವರಿನ ಲೆಕ್ಕದಲ್ಲಿ ಇಂಥ ಬಿಡುವು ಎಲ್ಲೂ ದಾಖಲಾಗುವುದಿಲ್ಲ. ಪುಸ್ತಕದಿಂದ ತಲೆಯೆತ್ತಿ ಮೈದಾನ ನೋಡುತ್ತಿದ್ದವರಿಗಷ್ಟೇ ಅದು ಸಿಗುತ್ತದೆ.

ಮೂರನೆಯದರಲ್ಲಿ ಮುಂದಿನ ಕಥೆ: ಮಾರ್ಕೊ ಯಾನ್ಸನ್‌ರನ್ನು ಬೌಲ್ಡ್ ಮಾಡಿ ಬರೀ 2 ರನ್ ಕೊಟ್ಟ ಬೂಮ್ರಾರ ಕೊನೆಯ ಓವರ್, 4 ರನ್ ಕೊಟ್ಟ ಅರ್ಷ್‌ದೀಪ್ ಸಿಂಗ್, ಬಳಿಕ ಆ ಕ್ಯಾಚ್. ಭಾರತದ ಇನಿಂಗ್ಸ್‌ಗೆ ಎರಡು ವಾಕ್ಯ ಸಾಕು: 34ಕ್ಕೆ 3 ವಿಕೆಟ್ ಬಿದ್ದಾಗ ವಿರಾಟ್ ಕೊಹ್ಲಿ ಮತ್ತು ಅಕ್ಷರ್ ಆಸರೆಯಾದರು. ಕೊಹ್ಲಿ 76, ಅಕ್ಷರ್ 47.

ಗಡುವಿನ ಒತ್ತಡದಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಕಣ್ಣಿಗೆ ಕಟ್ಟಿದ ಕೊನೆಯ ದೃಶ್ಯವನ್ನೇ ತಿರುವೆಂದು ಬರೆದುಬಿಡುವುದು. ಆಯ್ದ ಕ್ಷಣದ ಹಿಂದೆ ಮುಂದೆ ಗೆಲ್ಲುವ ತಂಡ ಬದಲಾಯಿತೇ ಎಂದು ಕೇಳಿಕೊಂಡರೆ ತಪ್ಪು ಬೇಗ ಗೊತ್ತಾಗುತ್ತದೆ. ಕೆಲವು ಪಂದ್ಯಗಳಲ್ಲಿ ಹೀಗೆ ಬದಲಾಗುವುದೇ ಇಲ್ಲ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಮೊಹಮ್ಮದ್ ಸಿರಾಜ್ ಒಂದೇ ಓವರಿನಲ್ಲಿ 4 ವಿಕೆಟ್ ಕಿತ್ತರು, ಶ್ರೀಲಂಕಾ 50ಕ್ಕೆ ಆಲೌಟ್ ಆಯಿತು. ಅಂಥ ದಿನ ಇಲ್ಲದ ತಿರುವನ್ನು ಹುಡುಕಬಾರದು. ಸಿರಾಜ್ ಚೆಂಡು ಹೇಗೆ ಹೊರಳುತ್ತಿತ್ತು, ಬ್ಯಾಟರ್‌ಗಳು ಎಲ್ಲಿ ತಪ್ಪಿದರು ಎಂಬುದನ್ನು ವಿವರವಾಗಿ ಬರೆದು, ಭಾರತ ಬೆನ್ನಟ್ಟಿದ್ದನ್ನು ಒಂದು ಸಾಲಿಗೆ ಇಳಿಸಬೇಕು.