ಬೀಳು, ಡ್ರಿಪ್ಪು, ನಾಟಿ: ಕೆಲವು ಕೃಷಿಶಬ್ದಗಳ ಅರ್ಥವಿಚಾರ

ರಾಬರ್ಟ್‌ಸನ್‌ಪೇಟೆ ಬಂಗಾರಪೇಟೆಗಳ ಸುತ್ತಿನಲ್ಲಿ ಕನ್ನಡ, ತೆಲುಗು, ತಮಿಳುಗಳು ಒಂದೇ ಸಂತೆಯಲ್ಲಿ ಕೇಳಿಬರುವುವು. ಅಲ್ಲಿನ ಒಕ್ಕಲುಮಕ್ಕಳು ಆಡುವ ಕೃಷಿಶಬ್ದಗಳಿಗೂ ಗ್ರಂಥಗಳ ಪರಿಭಾಷೆಗೂ ಇರುವ ಅಂತರವು ಕೇವಲ ಶಬ್ದದ್ದಲ್ಲ, ಅರ್ಥದ್ದು.

ಬೆಳೆಯಿಡದ ಹೊಲಕ್ಕೆ ರೈತರ ಮಾತು ‘ಬೀಳು’. ಆದರೆ ಕ್ರಿಯಾಪದವು ಬದಲಾದರೆ ಅರ್ಥವೂ ಬದಲಾಗುವುದು. ‘ಹೊಲ ಬೀಳು ಬಿಟ್ಟಿದ್ದಾನೆ’ ಎಂಬಲ್ಲಿ ಒಡೆಯನ ಸಂಕಲ್ಪವುಂಟು. ‘ಹೊಲ ಬೀಳು ಬಿದ್ದಿದೆ’ ಎಂಬಲ್ಲಿ ನೋಡುವವರಿಲ್ಲವೆಂಬ ಧ್ವನಿಯುಂಟು. ಇವೆರಡಕ್ಕೂ ‘ಪಾಳು’ ಎಂದು ಬರೆದರೆ ಭೂಮಿಯ ವಿಶ್ರಾಂತಿಯು ವಿನಾಶವೆಂದು ತೋರುವುದು. ತೆಲುಗಿನವರು ಇದನ್ನೇ ‘ಬೀಡು’ ಎನ್ನುವರು. ಕನ್ನಡದಲ್ಲಿ ‘ಬೀಡು’ ವಸತಿಯೆಂದೇ ಪ್ರಸಿದ್ಧವಾದುದರಿಂದ ಗಡಿಸೀಮೆಯ ಮಾತನ್ನು ಕೇಳುವವರು ಎಚ್ಚರದಿಂದಿರಬೇಕು.

‘ಹನಿ ನೀರಾವರಿ’ ಎಂಬುದು ಅಂದವಾದ ಸಮಾಸವೇ. ಆದರೂ ಅದು ನೀರುಣಿಸುವ ಕ್ರಮವನ್ನು ಹೇಳುವುದೇ ಹೊರತು ಸಾಧನವನ್ನಲ್ಲ. ರೈತನ ‘ಡ್ರಿಪ್ಪು’ ಎಂಬುದು ಕೈಗೆ ಸಿಕ್ಕುವ ವಸ್ತು: ಅದನ್ನು ಎಳೆಯಬಹುದು, ಸುತ್ತಿಡಬಹುದು, ಕೊಳವೆಬಾವಿಯ ನೀರಿನ ಲವಣದಿಂದ ಅದು ಕಟ್ಟಿಕೊಳ್ಳಲೂಬಹುದು. ಟೊಮ್ಯಾಟೊ ಸಾಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಹೀಗೆಯೇ ‘ಮಲ್ಚಿಂಗ್ ಪೇಪರ್’ ಎನಿಸಿದೆ. ‘ಹೊದಿಕೆ’ಯೆಂಬ ಶಬ್ದವು ಸೊಪ್ಪು ತರಗುಗಳಿಗೂ ಸಲ್ಲುವುದು, ಆದರೆ ಸೊಪ್ಪು ಕೊಳೆತು ಗೊಬ್ಬರವಾಗುವುದು, ಹಾಳೆಯನ್ನು ಬೆಳೆ ಮುಗಿದ ಮೇಲೆ ಕಿತ್ತು ತೆಗೆಯಬೇಕು. ಈ ಭೇದವನ್ನು ಆಡುಮಾತು ಉಳಿಸಿಕೊಂಡಿದೆ.

ಹೆಚ್ಚು ವಿಚಾರಣೀಯವಾದುದು ‘ಹೈಬ್ರಿಡ್’. ಗ್ರಂಥಗಳಲ್ಲಿ ಇದಕ್ಕೆ ‘ಮಿಶ್ರತಳಿ’, ‘ಸಂಕರತಳಿ’ ಎಂಬ ಪರ್ಯಾಯಗಳುಂಟು. ಮಿಶ್ರವೆಂದರೆ ಎರಡು ಬಗೆಯ ಬೀಜಗಳನ್ನು ಬೆರಸಿದುದೆಂಬ ಭ್ರಾಂತಿಗೆ ಎಡೆಯಾಗುವುದು. ಸಂಕರವೆಂಬುದೂ ಇಲ್ಲಿ ಸಾಲದು. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಹುಟ್ಟಿನಿಂದ ಅವು ಸಂಕರವೇ. ಆದರೆ ಹಲವು ಪೀಳಿಗೆಗಳ ಆಯ್ಕೆಯಿಂದ ಸ್ಥಿರಗೊಂಡುವಾದುದರಿಂದ ಅವುಗಳ ಬೀಜವನ್ನು ರೈತನು ಮನೆಯಲ್ಲಿಟ್ಟು ಮರುವರ್ಷ ಬಿತ್ತಬಹುದು. ಟೊಮ್ಯಾಟೊವಿನ ಹೈಬ್ರಿಡ್ ಬೀಜವಾದರೋ ಮೊದಲ ಪೀಳಿಗೆಯದು. ಅದರ ಹಣ್ಣಿನ ಬೀಜವನ್ನು ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬಾರವು, ಹಣ್ಣಿನ ಗಾತ್ರವೂ ಮಾಗುವ ಕಾಲವೂ ಬೇರೆಬೇರೆಯಾಗುವುವು. ರೈತನ ಬಾಯಲ್ಲಿ ‘ಹೈಬ್ರಿಡ್’ ಎಂದರೆ ಪ್ರತಿಸಲವೂ ಅಂಗಡಿಯಿಂದ ಕೊಳ್ಳಬೇಕಾದ ಬೀಜವೆಂದೇ ಅರ್ಥ.

ಇದಕ್ಕೆ ಪ್ರತಿಶಬ್ದ ‘ನಾಟಿ’. ಇದು ‘ನಾಡು’ ಶಬ್ದಕ್ಕೆ ಸಂಬಂಧಿಸಿದುದು. ತಮಿಳಿನ ‘ನಾಟ್ಟು’, ತೆಲುಗಿನ ‘ನಾಟು’ ಇದರ ಬಂಧುಗಳು. ಸಸಿ ನೆಡುವುದೆಂಬ ‘ನಾಟಿ’ ಬೇರೊಂದು ಶಬ್ದ. ಆದುದರಿಂದ ‘ಹೈಬ್ರಿಡ್ ನಾಟಿ ಮಾಡಿದೆ’ ಎಂಬ ವಾಕ್ಯದಲ್ಲಿ ವಿರೋಧವೇನೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಸ್ಥಳೀಯ ಬೀಜಕ್ಕೆ ‘ಜವಾರಿ’ ಎನ್ನುವುದರಿಂದ ಅಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಕೋಶಕಾರರು ‘ನಾಟಿ’ಯನ್ನು ಎರಡು ಪ್ರತ್ಯೇಕ ಉಲ್ಲೇಖಗಳಾಗಿ ಕೊಡುವುದು ಯುಕ್ತ.