ಒಂದೇ ಮುಖ, ಮೂರು ಫ್ರೇಮು

ಕನ್ನಡಕದಂಗಡಿಯಿಂದ ನಾಲ್ಕಾರು ಫೋಟೊ ಕಳಿಸಿ ‘ಯಾವುದು ಒಪ್ಪುತ್ತೆ?’ ಎಂದು ಯಾರಾದರೂ ಕೇಳಿದರೆ ನಮಗೆಲ್ಲ ನೆನಪಾಗುವುದು ಆಕಾರದ ಸೂತ್ರ. ದುಂಡು ಮುಖಕ್ಕೆ ಮೂಲೆಯಿರುವ ಫ್ರೇಮು, ಚೌಕ ಮುಖಕ್ಕೆ ದುಂಡನೆಯದು, ಕೋಲುಮುಖಕ್ಕೆ ಎತ್ತರದ ಗಾಜು. ಸೂತ್ರ ಸುಳ್ಳೇನಲ್ಲ, ಮುಖದಲ್ಲಿ ಇಲ್ಲದ ಗೆರೆಯನ್ನು ಫ್ರೇಮು ತಂದುಕೊಡಲಿ ಎಂಬುದಷ್ಟೇ ಅದರ ಹುರುಳು. ಆದರೆ ಅಳತೆ ಕೆಟ್ಟ ಫ್ರೇಮಿಗೆ ಎಂಥ ಆಕಾರವಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ನಾನು ಮೊದಲು ಅಗಲ ನೋಡುತ್ತೇನೆ, ಆಮೇಲೆ ಗಾಜಿನೊಳಗೆ ಕಣ್ಣು ಕೂತ ಜಾಗ. ಆಕಾರ ಅದರ ನಂತರ.

ನಮ್ಮ ಅಕ್ಕನ ಮಗಳದ್ದೇ ಉದಾಹರಣೆ. ದುಂಡು ಮುಖ, ಎರಡೂ ಕಣ್ಣಿಗೆ ಮೈನಸ್ ಐದು ಪವರ್. ಮೂರು ಫ್ರೇಮು ಹಾಕಿಕೊಂಡು ಸೆಲ್ಫಿ ಕಳಿಸಿದ್ದಳು. ‘ಚಿಕ್ಕಮ್ಮ, ಎಲ್ಲಾನೂ ದೊಡ್ಡದಾಯ್ತು, ಈ ಚಿಕ್ಕ ದುಂಡಂದೇ ತಗೋತೀನಿ’ ಎಂದಳು. ಫೋಟೊ ನೋಡಿದರೆ ಅವಳ ಮಾತು ನಿಜವೆನಿಸುತ್ತಿತ್ತು. ತೊಂದರೆಯಿದ್ದದ್ದು ಫೋಟೊದಲ್ಲೇ. ಕೈಯಳತೆಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಮೂಗು, ಫ್ರೇಮು ಹತ್ತಿರ. ಕೆನ್ನೆಯ ಅಂಚು, ಕಿವಿ ದೂರ. ಹತ್ತಿರದ್ದು ಉಬ್ಬಿ ದೂರದ್ದು ಕುಗ್ಗುವುದರಿಂದ ಸರಿಯಾದ ಫ್ರೇಮೂ ಮುಖಕ್ಕಿಂತ ಅಗಲವಾಗಿ ಕಾಣುತ್ತದೆ. ಅಂಗಡಿಯವರ ಕೈಗೆ ಫೋನ್ ಕೊಟ್ಟು, ಒಂದೂವರೆ ಮೀಟರಿನಾಚೆಯಿಂದ, ಕಣ್ಣಿನ ಮಟ್ಟದಲ್ಲಿ, ಸ್ವಲ್ಪ ಜೂಮ್ ಮಾಡಿ ತೆಗೆಸು ಎಂದೆ. ಮೂರಕ್ಕೂ ಅದೇ ಜಾಗ, ಅದೇ ಬೆಳಕು, ಗದ್ದ ಎತ್ತುವ ಹಾಗಿಲ್ಲ. ಒಂದು ಸುಮ್ಮನಿದ್ದು, ಇನ್ನೊಂದು ನಕ್ಕು.

ಜೊತೆಗೆ ಕಡ್ಡಿಯ ಒಳಮೈಯಲ್ಲಿ ಅಚ್ಚಾದ ಅಂಕಿಗಳನ್ನೂ ಕೇಳಿದೆ. 49□19 140 ಎಂದಿದ್ದರೆ ಒಂದು ಗಾಜಿನ ಅಗಲ 49 ಮಿಲಿಮೀಟರ್, ಮೂಗಿನ ಮೇಲಿನ ಸೇತುವೆ 19, ಕಡ್ಡಿಯ ಉದ್ದ 140. ಮೊದಲೆರಡನ್ನು ಕೂಡಿದರೆ ಎರಡು ಗಾಜುಗಳ ನಡುಬಿಂದುಗಳ ಅಂತರ ಸಿಗುತ್ತದೆ. ಅವಳ ಎರಡು ಕಣ್ಣಪಾಪೆಗಳ ನಡುವಿನ ದೂರ 61 ಎಂದು ಅಂಗಡಿಯವರು ಅಳೆದಿದ್ದರು.

ಮೊದಲನೆಯದು 55□17, ಕೂಡಿದರೆ 72. ಪಾಪೆಗಳಿಗಿಂತ 11 ಹೆಚ್ಚು. ಅಂದರೆ ಪ್ರತಿ ಕಣ್ಣೂ ಗಾಜಿನ ನಡುವಿನಿಂದ ಐದೂವರೆ ಮಿಲಿಮೀಟರ್ ಮೂಗಿನ ಕಡೆಗೆ ಸರಿದಿರುತ್ತದೆ. ಫೋಟೊದಲ್ಲಿ ಅದು ಕಣ್ಣುಗಳು ಒಟ್ಟಾಗಿ ಬಂದಂತೆ, ಹೊರಗಡೆ ಗಾಜು ಖಾಲಿ ಬಿದ್ದಂತೆ ಕಾಣುತ್ತಿತ್ತು. ಮೈನಸ್ ಗಾಜು ಅಂಚಿಗೆ ಹೋದಷ್ಟೂ ದಪ್ಪ. ಹೊರಗಿನ ಆ ಖಾಲಿ ಜಾಗವೆಲ್ಲ ದಪ್ಪವಾಗಿಯೇ ತುಂಬುತ್ತದೆ. ಇದು ಅಂಗಡಿಯ ಫೋಟೊದಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿರುವುದು ಪವರ್ ಇಲ್ಲದ ತೋರಿಕೆಯ ಗಾಜು. ನಿಜವಾದ ಗಾಜು ಬಂದ ಮೇಲೆ ಕಣ್ಣು ಚಿಕ್ಕದಾಗುತ್ತದೆ, ಗಾಜಿನ ಮೂಲಕ ಕಾಣುವ ಮುಖದ ಅಂಚು ಒಳಕ್ಕೆ ಸರಿದು ಕತ್ತರಿಸಿದಂತೆ ತೋರುತ್ತದೆ. ಗಾಜು ಅಗಲವಾದಷ್ಟೂ ಇದು ಎದ್ದು ಕಾಣುತ್ತದೆ. ಆ ಫ್ರೇಮು ಅಲ್ಲಿಗೆ ಬಿದ್ದುಹೋಯಿತು.

ಅವಳ ಮೆಚ್ಚಿನ ಚಿಕ್ಕ ದುಂಡು ಫ್ರೇಮು 46□21, ಅಂದರೆ 67. ಕಣ್ಣಿನ ಲೆಕ್ಕಕ್ಕೆ ಮೂರರಲ್ಲಿ ಇದೇ ಉತ್ತಮ. ಆದರೆ ದೂರದಿಂದ ತೆಗೆದ ಫೋಟೊದಲ್ಲಿ ಕಡ್ಡಿಗಳು ಕೀಲಿನಿಂದಲೇ ಹೊರಕ್ಕೆ ಬಾಗಿ ಕಣತಲೆಯನ್ನು ಒತ್ತುತ್ತಿದ್ದವು. ಮುಖಕ್ಕಿಂತ ಫ್ರೇಮು ಕಿರಿದು ಎಂಬುದಕ್ಕೆ ಇದಕ್ಕಿಂತ ಗುರುತು ಬೇಡ. ಸಂಜೆಯ ಹೊತ್ತಿಗೆ ಕಿವಿಯ ಮೇಲೆ ನೋವು ಖಚಿತ. ದುಂಡು ಕೆನ್ನೆಯ ಮೇಲೆ ದುಂಡು ಗಾಜು ಕೂತು ಮುಖ ಇನ್ನಷ್ಟು ಗುಂಡಗೆ ಕಂಡದ್ದು ಆಮೇಲಿನ ಮಾತು. ಅದೊಂದೇ ಆಗಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ, ಕೆಲವರಿಗೆ ಆ ಗುಂಡಗೇ ಇಷ್ಟ.

ಉಳಿದದ್ದು 49□19, ಒಟ್ಟು 68. ಕಣ್ಣು ಬರೀ ಮೂರೂವರೆ ಮಿಲಿಮೀಟರ್ ಒಳಗೆ, ಗಾಜಿನ ನಡುಮಟ್ಟಕ್ಕಿಂತ ತುಸು ಮೇಲೆ. ಕಡ್ಡಿಗಳು ನೆಟ್ಟಗೆ ಹಿಂದಕ್ಕೆ ಹೋಗುತ್ತಿದ್ದವು, ಫ್ರೇಮಿನ ಅಂಚು ಮುಖದ ಅಂಚಿಗೆ ಸರಿಯಾಗಿ ನಿಂತಿತ್ತು. ಮೇಲಂಚು ಹುಬ್ಬಿನ ಓಟವನ್ನೇ ಹಿಡಿದು ಅದರ ಕೆಳಗೇ ಹೋಗಿತ್ತು. ಗಾಜಿನೊಳಗೆ ಹುಬ್ಬು ಪೂರ್ತಿ ಸಿಕ್ಕಿಬಿದ್ದರೆ ಸದಾ ಬೆಚ್ಚಿದ ಮುಖ ಬರುತ್ತದೆ. ಮೃದುವಾದ ಮೂಲೆಗಳ ಆಯತಾಕಾರ ದುಂಡು ಮುಖಕ್ಕೆ ಬೇಕಾದ ಗೆರೆಯನ್ನೂ ಕೊಟ್ಟಿತು. ಸೂತ್ರ ಇಲ್ಲಿ ಸರಿಹೋಯಿತು, ಅಳತೆ ಗೆದ್ದ ಮೇಲೆ.

ಆದರೆ ನಕ್ಕ ಫೋಟೊದಲ್ಲಿ ಒಂದು ಕೊರತೆ ಕಂಡಿತು. ಕೆನ್ನೆ ಉಬ್ಬಿ ಕೆಳಂಚನ್ನು ಮೇಲೆತ್ತಿತ್ತು. ನಮ್ಮಲ್ಲಿ ಅನೇಕರಂತೆ ಅವಳ ಮೂಗಿನ ಬುಡವೂ ತಗ್ಗು, ಪ್ಲಾಸ್ಟಿಕ್ ಫ್ರೇಮು ಜಾರಿ ಕೆನ್ನೆಯ ಮೇಲೆ ಕೂರುತ್ತದೆ. ಅಂಥದ್ದರಲ್ಲಿ ಮೂಗಿನ ಆಸರೆ ಫ್ರೇಮಿನ ಜೊತೆಗೇ ಅಚ್ಚಾಗಿರುವುದರಿಂದ ಬಗ್ಗಿಸಲು ಬರುವುದಿಲ್ಲ. ಅದೇ ಅಳತೆ, ಅದೇ ಆಕಾರ, ಆದರೆ ತಂತಿಯ ತುದಿಯಲ್ಲಿ ಪುಟ್ಟ ಪ್ಯಾಡ್ ಇರುವ ಲೋಹದ ಫ್ರೇಮು ಇದೆಯೇ ಎಂದು ಕೇಳಿಸಿದೆ. ಇತ್ತು. ಅಂಗಡಿಯವರು ಪ್ಯಾಡುಗಳನ್ನು ತುಸು ಒಳಕ್ಕೆ ಬಗ್ಗಿಸಿ ಹಾಕಿದಾಗ ಫ್ರೇಮು ಎರಡು ಮಿಲಿಮೀಟರಿನಷ್ಟು ಮೇಲೇರಿತು, ನಕ್ಕರೂ ಕೆನ್ನೆಗೆ ತಾಗಲಿಲ್ಲ.