ಮಗಳ ಘಟಿಕೋತ್ಸವಕ್ಕೆ ಹನ್ನೊಂದು ದಿನದ ರಜೆ

ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿರುವ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಮಗಳ ಘಟಿಕೋತ್ಸವ ಅಮೆರಿಕದ ಬಾಸ್ಟನ್‌ನಲ್ಲಿ, 2026ರ ಮೇ 16ರ ಶನಿವಾರ. ‘ವೈಯಕ್ತಿಕ ಕಾರಣಕ್ಕಾಗಿ ಹದಿನೈದು ದಿನ ರಜೆ ನೀಡಬೇಕು’ ಎಂದು ಇವರು ಬರೆದರೆ ರಜೆಯೇನೋ ಸಿಕ್ಕೀತು, ಆದರೆ ದೇಶ ಬಿಡಲು ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಸರ್ಕಾರಿ ನೌಕರರಿಗೆ ರಜೆ ಮಂಜೂರಾತಿ ಒಂದು, ವಿದೇಶಕ್ಕೆ ಹೋಗಲು ಪೂರ್ವಾನುಮತಿ ಇನ್ನೊಂದು. ಹಿಂದೆಂದೋ ಪಾಸ್‌ಪೋರ್ಟಿಗಾಗಿ ಪಡೆದ ನಿರಾಕ್ಷೇಪಣಾ ಪತ್ರ ಇಲ್ಲಿ ನಡೆಯುವುದಿಲ್ಲ. ಹಲವರು ಎಡವುವುದು ಇಲ್ಲೇ.

ಎಷ್ಟು ದಿನ ಕೇಳಬೇಕು ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕು. ಮೇ 12ರ ಮಂಗಳವಾರ ನಸುಕಿಗೆ ಬೆಂಗಳೂರಿನಿಂದ ವಿಮಾನ ಎಂದುಕೊಳ್ಳೋಣ. ಆಗ ಸೋಮವಾರ ಸಂಜೆಯವರೆಗೂ ಕೆಲಸ ಮಾಡಬಹುದು. ಬರುವಾಗ 23ರ ಶನಿವಾರ ರಾತ್ರಿ ಬಾಸ್ಟನ್ ಬಿಟ್ಟರೆ, ಪ್ರಯಾಣಕ್ಕೊಂದು ದಿನ, ಗಡಿಯಾರದಲ್ಲಿ ಒಂಬತ್ತೂವರೆ ಗಂಟೆ ಕಳೆದು, ಬೆಂಗಳೂರು ತಲುಪುವಾಗ ಸೋಮವಾರ ಬೆಳಗಾಗಿರುತ್ತದೆ. ಆ ಸೋಮವಾರವೂ ರಜೆಗೆ ಸೇರಿ 12ರಿಂದ 25ರವರೆಗೆ ಹದಿನಾಲ್ಕು ದಿನ ಗಳಿಕೆ ರಜೆ ಖರ್ಚು, ಏಕೆಂದರೆ ನಡುವೆ ಬರುವ ಭಾನುವಾರಗಳೂ ಲೆಕ್ಕಕ್ಕೆ ಬರುತ್ತವೆ. ಒಂದು ದಿನ ಮೊದಲು, ಶುಕ್ರವಾರ ರಾತ್ರಿಯೇ ಹೊರಟರೆ? 23 ನಾಲ್ಕನೇ ಶನಿವಾರ, 24 ಭಾನುವಾರ. ಎರಡೂ ಕಚೇರಿಗೆ ಬಿಡುವು, ರಜೆಯ ಕೊನೆಗೆ ಬರುವುದರಿಂದ ಅವನ್ನು ಬಳಸಿಕೊಳ್ಳಲು ಅನುಮತಿ ಕೇಳಬಹುದು. ಖರ್ಚಾಗುವುದು ಹನ್ನೊಂದೇ ದಿನ. ನಿದ್ದೆಗೆಟ್ಟ ಕಣ್ಣಿಗೂ ಒಂದು ಭಾನುವಾರ ಸಿಗುತ್ತದೆ.

ಈಗ ಪತ್ರ ಸಲೀಸು:

‘ಮಾನ್ಯರೇ, ನನ್ನ ಮಗಳ ಸ್ನಾತಕೋತ್ತರ ಪದವಿಯ ಘಟಿಕೋತ್ಸವವು ದಿನಾಂಕ 16-05-2026ರಂದು ಅಮೆರಿಕದ ಬಾಸ್ಟನ್‌ನಲ್ಲಿ ನಡೆಯಲಿದೆ. ಅದರಲ್ಲಿ ಭಾಗವಹಿಸಲು 12-05-2026ರಿಂದ 22-05-2026ರವರೆಗೆ 11 ದಿನಗಳ ಗಳಿಕೆ ರಜೆಯನ್ನು, 23 ಮತ್ತು 24ರ ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳುವ ಅನುಮತಿಯೊಂದಿಗೆ ಮಂಜೂರು ಮಾಡಿ, ಈ ಅವಧಿಯಲ್ಲಿ ವಿದೇಶ ಪ್ರಯಾಣಕ್ಕೆ ಅನುಮತಿ ನೀಡಬೇಕೆಂದು ಕೋರುತ್ತೇನೆ. ಪ್ರಯಾಣದ ವೆಚ್ಚವನ್ನು ನಾನೇ ಭರಿಸುತ್ತೇನೆ. 25ರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ. ವಿಶ್ವವಿದ್ಯಾಲಯದ ಆಹ್ವಾನ ಪತ್ರದ ಪ್ರತಿ ಲಗತ್ತಿಸಿದೆ.’

ವೆಚ್ಚದ ಸಾಲನ್ನು ಬಿಡಬಾರದು. ವಿದೇಶ ಪ್ರಯಾಣದ ಕಡತದಲ್ಲಿ ‘ದುಡ್ಡು ಯಾರದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವಿಲ್ಲದಿದ್ದರೆ ಕಡತ ಅದೇ ದಾರಿಯಲ್ಲಿ ಹಿಂದಕ್ಕೆ. ಮಗಳೇ ಟಿಕೆಟ್ ತೆಗೆಸುವುದಾದರೆ ಹಾಗೆಂದೇ ಬರೆಯಬೇಕು.

ಪತ್ರ ಹೋಗಬೇಕಾದದ್ದು ತಹಶೀಲ್ದಾರರ ಮೂಲಕ ಮೇಲಿನ ಸಕ್ಷಮ ಪ್ರಾಧಿಕಾರಕ್ಕೆ, ಅದೂ ತಿಂಗಳುಗಳ ಮೊದಲೇ. ಪ್ರವಾಸಿ ವೀಸಾದ ಸಂದರ್ಶನದಲ್ಲಿ ‘ವಾಪಸ್ ಯಾವಾಗ?’ ಎಂದು ಕೇಳಿದಾಗ, ಕೆಲಸಕ್ಕೆ ಮರಳುವ ದಿನಾಂಕವಿರುವ ಮಂಜೂರಾತಿ ಆದೇಶ ಕೈಯಲ್ಲಿದ್ದರೆ ಉತ್ತರಕ್ಕೆ ಬಲ ಬರುತ್ತದೆ. ಆದೇಶವೂ ವೀಸಾವೂ ಕೈಸೇರುವ ತನಕ, ಹಣ ಹಿಂದಿರುಗದ ಅಗ್ಗದ ಟಿಕೆಟ್ಟಿನ ಆಸೆಗೆ ಬೀಳದಿರುವುದು ಲೇಸು.